ಡ್ರಾಯರ್ ರಾಣಿಯ ಖಾಲಿ ಹೊಟ್ಟೆ

ಒಂದೂರು. ಆ ಊರಲ್ಲೊಂದು ಬಸ್ ಕಂಪನಿ. ಕಂಪನಿಯ ಮೇಲಿನ ಮಹಡಿಯಲ್ಲೊಂದು ಉದ್ದನೆಯ ಕೋಣೆ, ಕೋಣೆಯ ನಡುವೆ ಒಂದು ಮೇಜು, ಮೇಜಿಗೊಂದು ಡ್ರಾಯರ್, ಆ ಡ್ರಾಯರಿಗೊಬ್ಬಳು ರಾಣಿ. ರಾಣಿಗೆ ಆನೆ ಕುದುರೆ ಇರಲಿಲ್ಲ, ಕಾಲಾಳುಗಳೂ ಇರಲಿಲ್ಲ. ಆದರೆ ಪ್ರಜೆಗಳಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅವರು ಒಬ್ಬೊಬ್ಬರಾಗಿ ಎದೆಯ ಮೇಲೆ ಕೈಯಿಟ್ಟುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು, ರಾಣಿಯ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು.

"ಉರೀನಾ, ಇಲ್ಲ ಉಬ್ಬರಾನಾ?" ಎಂದು ರಾಣಿ ಕೇಳುತ್ತಿದ್ದಳು.

ಉರಿ ಎಂದವರಿಗೆ ಪುದೀನ ವಾಸನೆಯ, ಜಗಿಯುವ ಬಿಳಿ ಮಾತ್ರೆ. ಉಬ್ಬರ ಎಂದವರಿಗೆ ಲೋಟದ ನೀರಿನಲ್ಲಿ ಬುಸ್ಸೆಂದು ನೊರೆಯೇಳುವ ಪುಡಿ. ಎರಡೂ ಎಂದವರಿಗೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಮುಚ್ಚಳದ ತುಂಬ ಗುಲಾಬಿ ಔಷಧ. ತೀರ ಹಳೆಯ ಗಿರಾಕಿಗಳಿಗೆಂದು ಡ್ರಾಯರಿನ ಹಿಂಬದಿಯಲ್ಲಿ ಕ್ಯಾಪ್ಸೂಲಿನ ಹಾಳೆಗಳಿದ್ದವು. ಅವನ್ನು ರಾಣಿ ಊಟವಾದ ಮೇಲೆ ತಾನೂ ನುಂಗಿ ಅವರಿಗೂ ನುಂಗಿಸುತ್ತಿದ್ದಳು.

ಅಲ್ಲಿ ಕೂತವರ ಕೆಲಸ ಬಸ್ಸುಗಳ ವೇಳಾಪಟ್ಟಿ ಮಾಡುವುದು, ಯಾವ ಡ್ರೈವರ್ ಯಾವ ಬಸ್ಸು ಯಾವಾಗ ಹತ್ತಬೇಕೆಂದು ರೋಸ್ಟರ್ ಬರೆಯುವುದು. ಡ್ರೈವರುಗಳಿಗೆ ಊಟದ ಬಿಡುವು ಕೊಡಲೇಬೇಕೆಂಬ ನಿಯಮವಿತ್ತು. ಯಾರದಾದರೂ ಬಿಡುವು ಮರೆತರೆ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಗೆರೆ ಮೂಡಿ, ಅದನ್ನು ಸರಿಪಡಿಸುವವರೆಗೂ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಇಡೀ ಊರಿನ ಡ್ರೈವರುಗಳಿಗೆ ಹೊತ್ತು ಹೊತ್ತಿಗೆ ಊಟ ಹಾಕುವ ಆ ಜನರಿಗೆ ಮಾತ್ರ ಊಟವೆಂಬುದು ಇರಲಿಲ್ಲ. ಬೆಳಗಿನ ಜಾವ ಯಾರ್ಯಾರು ಡ್ಯೂಟಿಗೆ ಬಂದಿಲ್ಲ ಎಂಬ ಫೋನುಗಳು ಬರುವುದರಿಂದ ತಿಂಡಿಗೆ ಮುಂಚೆಯೇ ಮನೆ ಬಿಡಬೇಕಿತ್ತು. ಮಧ್ಯಾಹ್ನ ಬೆಳಗಿನ ಪಾಳಿಯವರು ಇಳಿದು ಸಂಜೆಯ ಪಾಳಿಯವರು ಹತ್ತುವ ಹೊತ್ತು. ಸರಿಯಾಗಿ ಊಟದ ಹೊತ್ತಿಗೇ ಡಿಪೋಗಳ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು. ರಿಸೀವರನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಬರೆಯುತ್ತ, ಬಲಗೈಯಲ್ಲಿ ತುತ್ತು ಎತ್ತುತ್ತ, ಜಗಿಯದೆ ನುಂಗುತ್ತ ಡಬ್ಬಿ ಖಾಲಿ ಮಾಡುವುದು ಅಲ್ಲಿನ ವಿದ್ಯೆ. ಏನು ತಿಂದೆ ಎಂದು ಕೇಳಿದರೆ ಡಬ್ಬಿಯ ವಾಸನೆ ನೋಡಿ ಹೇಳಬೇಕಿತ್ತು.

ಹಾಗಾಗಿ ರಾಣಿಯ ರಾಜ್ಯ ಸುಭಿಕ್ಷವಾಗಿತ್ತು.

ಪ್ರಜೆಗಳಲ್ಲಿ ಒಬ್ಬ ಮಾತ್ರ ಬೇರೆ. ಬಸ್ಸುಗಳಲ್ಲಿ ಕೂತು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು ಬರುವವನು. ಅದಕ್ಕೇ ಎಲ್ಲರೂ ಅವನನ್ನು ಸ್ಟಾಪ್‌ವಾಚ್ ಎನ್ನುತ್ತಿದ್ದರು. ಅವನು ಬರುವ ಮೊದಲೇ ರಾಣಿ ಮಾತ್ರೆ ಬಿಡಿಸಿಟ್ಟುಕೊಂಡಿರುತ್ತಿದ್ದಳು. ಅವನು ಅಂಗೈ ಚಾಚುತ್ತಿದ್ದ, ಇವಳು ಮಾತ್ರೆಯನ್ನು ಆ ಅಂಗೈಯ ನಟ್ಟನಡುವೆ ಇಡುತ್ತಿದ್ದಳು. "ರಾಣಿಯವರೇ, ನೀವಿಲ್ದಿದ್ರೆ ನಾನು ಸುಟ್ಟು ಬೂದಿ ಆಗ್ತಿದ್ದೆ" ಎಂದು ಅವನು ನಗುತ್ತಿದ್ದ. ಅಷ್ಟೇ. ಮಾತ್ರೆ ಅವನ ಬಾಯಲ್ಲಿ ಕರಗುವಷ್ಟು ಹೊತ್ತು ಅವಳ ಮೇಜಿಗೆ ಒರಗಿ ನಿಂತಿರುತ್ತಿದ್ದ. ಆ ಒಂದಿಷ್ಟು ಹೊತ್ತಿಗಾಗಿ ರಾಣಿ ದಿನವಿಡೀ ಬದುಕುತ್ತಿದ್ದಳು. ಜಗತ್ತಿನಲ್ಲಿ ಯಾರ ಪ್ರೀತಿ ಯಾವ ಏಣಿ ಹಿಡಿದು ಹತ್ತುತ್ತದೋ ಯಾರಿಗೆ ಗೊತ್ತು. ಇವಳದು ಸ್ಟಾಪ್‌ವಾಚಿನ ಎದೆಯುರಿಯನ್ನು ಹಿಡಿದು ಹತ್ತಿತ್ತು.

ರಾಣಿಗೆ ಒಬ್ಬಳು ಅಕ್ಕ ಇದ್ದಳು, ಬೇರೆ ಊರಿನಲ್ಲಿ. ಒಮ್ಮೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ರಾಣಿಗೆ ತುತ್ತು ಎದೆಯ ನಡುವೆ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ತುಂಬಿ, ಮೇಲೆದ್ದು, ನೀರು ಕುಡಿದು, ಎದೆ ನೀವಿಕೊಂಡು ಅದನ್ನು ಇಳಿಸಿದಳು. ಏನೂ ಆಗದವಳಂತೆ ಮತ್ತೆ ಕೂತಳು.

"ಏನೇ ಅದು?" ಎಂದಳು ಅಕ್ಕ.

"ಏನಿಲ್ಲ ಕಣೇ. ಆಗಾಗ ಹಿಡ್ಕೊಳ್ಳುತ್ತೆ, ಆಮೇಲೆ ಬಿಡುತ್ತೆ."

"ಆಗಾಗ ಅಂದ್ರೆ?"

ರಾಣಿ ಮಾತು ತೇಲಿಸಿದಳು. ಅಕ್ಕ ಬಿಡಲಿಲ್ಲ. ಮರುದಿನವೇ ಕೈ ಹಿಡಿದು ಎಳೆದುಕೊಂಡು ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಎಲ್ಲ ಕೇಳಿದರು: ರಾತ್ರಿ ಹುಳಿನೀರು ಗಂಟಲಿಗೆ ಬರುತ್ತದೆಯೇ, ತಲೆನೋವಿಗೆ ಏನು ನುಂಗುತ್ತೀರಿ, ಖಾಲಿ ಹೊಟ್ಟೆಗೋ, ಕ್ಯಾಪ್ಸೂಲು ಯಾವಾಗ ತಗೊಳ್ಳುತ್ತೀರಿ.

"ಊಟ ಆದ್ಮೇಲೆ" ಎಂದಳು ರಾಣಿ, ಆತ್ಮವಿಶ್ವಾಸದಿಂದ.

"ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕಮ್ಮ ಅದು. ಇಷ್ಟು ವರ್ಷ ನುಂಗಿದ್ದು ಅರ್ಧ ದಂಡ."

ರಾಣಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತನ್ನ ಹೊಟ್ಟೆಯ ಚಿಂತೆಯಿಂದಲ್ಲ. ಎಷ್ಟು ಜನಕ್ಕೆ ಊಟದ ಮೇಲೆ ನುಂಗಿಸಿದ್ದೇನಲ್ಲ ಎಂದು. ಈ ಸಂಗತಿಯನ್ನು ಕಚೇರಿಗೆ ಒಯ್ಯಬಾರದೆಂದು ಅಲ್ಲೇ ತೀರ್ಮಾನಿಸಿದಳು.

"ತುತ್ತು ಸಿಕ್ಕಿಕೊಳ್ಳೋದು ಒಳ್ಳೇದಲ್ಲ" ಎಂದರು ಡಾಕ್ಟರು. "ಬಾಯಿಂದ ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡಬೇಕು. ಹೆದರೋದೇನಿಲ್ಲ. ಅದಕ್ಕೆ ಎರಡು ವಾರ ಮುಂಚೆಯಿಂದ ಕ್ಯಾಪ್ಸೂಲ್ ನಿಲ್ಲಿಸಿ. ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಇದೆಯಾ ಅಂತಲೂ ನೋಡ್ಬೇಕು, ಈ ಔಷಧಿ ತಗೊಳ್ತಾ ಇದ್ರೆ ಅದು ಇದ್ರೂ ಇಲ್ಲದ ಹಾಗೆ ಕಾಣಿಸುತ್ತೆ. ತೀರಾ ಉರಿದ್ರೆ ಜಗಿಯೋ ಮಾತ್ರೆ ತಗೊಳ್ಳಿ. ಪರೀಕ್ಷೆ ದಿನ ಅದೂ ಬೇಡ. ಹಿಂದಿನ ರಾತ್ರಿ ಊಟ ಆದ್ಮೇಲೆ ಏನೂ ತಿನ್ನಬಾರದು. ಬೆಳಿಗ್ಗೆ ತಿಂಡಿ ಇಲ್ಲ."

ರಾಣಿ ನಕ್ಕುಬಿಟ್ಟಳು. "ಅದೊಂದು ನನಗೆ ಹೇಳಬೇಕಾ ಡಾಕ್ಟ್ರೇ? ನಾನು ಬೆಳಿಗ್ಗೆ ತಿಂಡಿ ಮುಖ ನೋಡಿ ಯಾವ ಕಾಲವಾಯ್ತೋ."

ಹೊರಗೆ ಬಂದ ಮೇಲೆ ಅಕ್ಕ ರಸ್ತೆಯಲ್ಲೇ ನಿಂತು ಅಂಗೈ ಚಾಚಿದಳು. "ಹಾಕು ಭಾಷೆ. ಮಾಡಿಸ್ತೀನಿ ಅಂತ."

"ಮಾಡಿಸ್ತೀನಿ ಕಣೇ."

"ಬಾಯಲ್ಲಲ್ಲ. ಕೈ ಮೇಲೆ ಕೈ ಇಟ್ಟು ಹೇಳು."

ರಾಣಿ ಕೈಯಿಟ್ಟಳು. ಮಾತು ಕೊಟ್ಟಳು. ಕೊಟ್ಟ ಮಾತನ್ನು ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ತಳ್ಳುತ್ತ ಬಂದಳು. ಹೊಸ ಮಾರ್ಗ ಶುರುವಾಗುತ್ತಿದೆ, ಸಾಹೇಬರು ರಜೆ ಕೊಡುವುದಿಲ್ಲ, ನೆಗಡಿ. ಅಕ್ಕ ಫೋನಿನಲ್ಲಿ ಬೈಯುತ್ತಿದ್ದಳು, ರಾಣಿ ಹೂಂಗುಟ್ಟುತ್ತಿದ್ದಳು.

ಹೀಗಿರುವಾಗ ಆ ಕೋಣೆಗೆ ಹೊಸಬಳೊಬ್ಬಳು ಬಂದಳು. ಬಹಳ ಕಾಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಮಂಡಿ ನೋವೆಂದು ಕಚೇರಿಗೆ ಹಾಕಿದ್ದರು. ಗಟ್ಟಿ ಗಂಟಲು, ಗಟ್ಟಿ ನಗು, ಯಾರ ಕುರ್ಚಿ ಸಿಕ್ಕರೂ ಕೇಳದೆ ಎಳೆದುಕೊಳ್ಳುವ ಬುದ್ಧಿ. ಎಲ್ಲರೂ ಕಂಡಕ್ಟರಮ್ಮ ಎಂದರು. ಮೊದಲ ದಿನ ಮಧ್ಯಾಹ್ನ ಫೋನುಗಳು ಒಟ್ಟಿಗೆ ಕಿರುಚಲು ಶುರುಮಾಡಿದಾಗ ಅವಳು ಡಬ್ಬಿ ಎತ್ತಿಕೊಂಡು ಎದ್ದು ನಿಂತಳು.

"ಯಾರು ನಂಗೆ ರಿಲೀಫ್?"

ಕೋಣೆ ತಬ್ಬಿಬ್ಬಾಯಿತು. "ರಿಲೀಫ್ ಅಂದ್ರೆ?"

"ಅಯ್ಯೋ, ದಿನಾ ನೀವೇ ಬರೀತೀರಲ್ಲ! ನಾನು ಊಟಕ್ಕಿಳಿದ್ರೆ ನನ್ನ ಬಸ್ಸು ಯಾರು ನೋಡ್ಕೋತಾರೆ? ಸ್ವಲ್ಪ ಹೊತ್ತು ನನ್ನ ಫೋನು ನೀವು ಎತ್ತಿ, ಆಮೇಲೆ ನಿಮ್ಮದು ನಾನು ಎತ್ತೀನಿ. ಇಬ್ರೂ ಉಣ್ತೀವಿ. ಇದರಲ್ಲೇನಿದೆ ಬ್ರಹ್ಮವಿದ್ಯೆ?"

ಕೇಳಿದ್ದು ಪಕ್ಕದಲ್ಲಿದ್ದ ಸ್ಟಾಪ್‌ವಾಚನ್ನು. ಅವನು ತಲೆ ಕೆರೆದುಕೊಂಡು "ಸರಿ, ಕೊಡಿ" ಎಂದ. ಕೋಣೆಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಹಳೆಯ ನಕ್ಷೆಗಳ ಸುರುಳಿ ಪೇರಿಸಿದ್ದ ಮೇಜೊಂದಿತ್ತು. ಕಂಡಕ್ಟರಮ್ಮ ಸುರುಳಿಗಳನ್ನು ನೆಲಕ್ಕಿಳಿಸಿ, ಮೇಜು ಒರೆಸಿ, ಊಟಕ್ಕೆ ಕೂತಳು. ನಿಧಾನವಾಗಿ ಜಗಿದು, ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತ, ನಡುನಡುವೆ ಗೊಣಗುತ್ತ ಉಂಡಳು. ಆಮೇಲೆ ಬಂದು ಸ್ಟಾಪ್‌ವಾಚಿನ ಫೋನು ಕಸಿದುಕೊಂಡು "ಹೋಗ್ರಿ, ನಿಮ್ಮ ಸರದಿ" ಎಂದು ಅಟ್ಟಿದಳು.

ರಾಣಿ ಮೂಗು ಮುರಿದಳು. ನಾಲ್ಕು ದಿನದ ಸಡಗರ, ಆಮೇಲೆ ತಾನೇ ಬಂದು ನನ್ನ ಮುಂದೆ ನಿಲ್ಲುತ್ತಾಳೆ ಎಂದುಕೊಂಡಳು.

ಆದರೆ ಮೂಲೆಯ ಮೇಜಿಗೆ ಎರಡನೇ ಕುರ್ಚಿ ಬಂತು, ಆಮೇಲೆ ಮೂರನೆಯದು. ಜೋಡಿ ಜೋಡಿಯಾಗಿ ಫೋನು ವಹಿಸಿಕೊಂಡು ಜನ ಊಟಕ್ಕೆ ಏಳತೊಡಗಿದರು. ರಾಣಿಯ ಮೇಜಿನ ಮುಂದಿನ ಸಾಲು ತೆಳ್ಳಗಾಯಿತು. ಮಾತ್ರೆಯ ಪಟ್ಟಿಗಳು ಖಾಲಿಯಾಗುವುದು ನಿಧಾನವಾಯಿತು. ಒಂದು ದಿನ ಹನ್ನೊಂದು ದಾಟಿತು, ರಾಣಿ ಬಿಡಿಸಿಟ್ಟ ಮಾತ್ರೆ ಕಾಗದದ ಮೇಲೆ ಬಿದ್ದೇ ಇತ್ತು. ಸ್ಟಾಪ್‌ವಾಚ್ ಬರಲಿಲ್ಲ.

ಇವಳೇ ಹೋದಳು. "ಏನ್ರೀ, ಇವತ್ತು ಮರೆತ್ರಾ?"

ಅವನು ಪರದೆಯಿಂದ ಮುಖವೆತ್ತಿದ. ಮುಖದಲ್ಲೊಂದು ಬೆಳಕು. "ರಾಣಿಯವರೇ, ಗೊತ್ತಾ? ನಂಗೆ ಉರೀನೇ ಬರ್ತಿಲ್ಲ ಈಗ! ಬೆಳಿಗ್ಗೆ ಒಂದೆರಡು ಬ್ರೆಡ್ಡು ತಿಂದು ಬನ್ನಿ ಅಂದ್ರು ಕಂಡಕ್ಟರಮ್ಮ, ತಿಂದು ಬಂದೆ. ಮಧ್ಯಾಹ್ನ ನಿಧಾನಕ್ಕೆ ಉಂಡೆ. ಏನೂ ಇಲ್ಲ! ಎದೆ ತಣ್ಣಗಿದೆ!"

"ಒಳ್ಳೇದಾಯ್ತು" ಎಂದಳು ರಾಣಿ. ಆ ಒಂದು ಪದವನ್ನು ಆಡುವುದಕ್ಕೆ ಅವಳಿಗೆ ಸಿಕ್ಕಿಕೊಂಡ ತುತ್ತನ್ನು ಇಳಿಸುವಷ್ಟೇ ಕಷ್ಟವಾಯಿತು.

ಅವತ್ತಿನಿಂದ ರಾಣಿ ಒಂದು ಕೆಟ್ಟ ಹರಕೆ ಹೊತ್ತಂತೆ ಇದ್ದಳು. ಅವನಿಗೆ ಉರಿ ಬರಲಿ. ದೊಡ್ಡದಲ್ಲ, ಪಾಪ, ಸಣ್ಣದು, ಒಂದು ಮಾತ್ರೆಯಷ್ಟು. ಅವನು ಕೆಮ್ಮಿದರೆ ಇವಳ ಕೈ ಡ್ರಾಯರಿಗೆ ಹೋಗುತ್ತಿತ್ತು. ಅವನು ಎದೆ ಮುಟ್ಟಿಕೊಂಡರೆ ಇವಳ ಜೀವ ಹಾರುತ್ತಿತ್ತು, ಆದರೆ ಅವನು ಜೇಬಿನಲ್ಲಿ ಪೆನ್ನು ಹುಡುಕುತ್ತಿರುತ್ತಿದ್ದ. ಮೂಲೆಯಿಂದ ನಗು ಕೇಳಿದರೆ ಸಾಕು, ಇವಳಿಗೆ ಬರೆಯುತ್ತಿದ್ದ ಬಸ್ಸಿನ ನಂಬರ್ ತಪ್ಪುತ್ತಿತ್ತು. ಅಂಥದ್ದೇನು ಹೇಳುತ್ತಾಳೆ ಅವಳು? ಟಿಕೆಟ್ ಹರಿದ ಕಥೆಗಳೇ? ಅವಳ ಹಲ್ಲು ಸ್ವಲ್ಪ ಉಬ್ಬಿಲ್ಲವೇ? ಬಾಯಿ ತೆರೆದು ಜಗಿಯುತ್ತಾಳೆ, ಅದು ಅವನಿಗೆ ಕಾಣುವುದಿಲ್ಲವೇ? ಕಾಣುವುದಿಲ್ಲ. ಗಂಡಸರಿಗೆ ಬೇಕಾದ್ದು ಕಾಣುವುದಿಲ್ಲ, ಬೇಡದ್ದು ಎದ್ದು ಕಾಣುತ್ತದೆ.

ಊಟಕ್ಕೆ ರಾಣಿಯನ್ನೂ ಕರೆದರು. "ಬನ್ನಿ ಮೇಡಂ, ಜಾಗ ಇದೆ" ಎಂದು ಕಂಡಕ್ಟರಮ್ಮ ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಹೊರಗೆ ತಳ್ಳಿದಳು. "ನಂಗೆ ಕೆಲಸ ಇದೆ" ಎಂದು ರಾಣಿ ರಿಸೀವರನ್ನು ಹೆಗಲಿಗೆ ಸಿಕ್ಕಿಸಿಕೊಂಡಳು. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ.

ಕೊನೆಗೊಂದು ದಿನ ಅವಳು ಮಾಡಬಾರದ್ದನ್ನು ಮಾಡಿದಳು. ಕೋಣೆಯಲ್ಲಿ ಮಧ್ಯಾಹ್ನ ಯಾರು ಯಾವ ಫೋನು ನೋಡಬೇಕೆಂದು ಹಂಚುವುದು ಹಿರಿಯಳಾದ ಅವಳ ಕೆಲಸ. ಅವಳು ಎರಡು ಡಿಪೋಗಳ ಫೋನುಗಳನ್ನು ಒಟ್ಟಿಗೆ ಕಂಡಕ್ಟರಮ್ಮನ ತಲೆಗೆ ಕಟ್ಟಿದಳು. ಸ್ಟಾಪ್‌ವಾಚನ್ನು ಮಧ್ಯಾಹ್ನದ ಹೊತ್ತಿಗೇ ಊರಾಚೆಯ ಮಾರ್ಗ ಅಳೆಯಲು ಕಳಿಸಿದಳು. ಯಾರಿಗೂ ಸಂಶಯ ಬರುವಂತಿರಲಿಲ್ಲ. ಎಲ್ಲಕ್ಕೂ ಕಾರಣ ಬರೆದಿದ್ದಳು. ಮೂಲೆಯ ಮೇಜು ಖಾಲಿಯಾಯಿತು. ಕಂಡಕ್ಟರಮ್ಮ ಎರಡು ಕಿವಿಗೆ ಎರಡು ರಿಸೀವರ್ ಹಿಡಿದುಕೊಂಡು, ನಡುವೆ ತುತ್ತು ತುರುಕಿಕೊಂಡು ಉಂಡಳು. ಕೆಲವು ದಿನಗಳಲ್ಲೇ, ಊಟವಾದ ಸ್ವಲ್ಪ ಹೊತ್ತಿಗೆ, ಎದೆಯ ಮೇಲೆ ಕೈಯಿಟ್ಟುಕೊಂಡು ರಾಣಿಯ ಮುಂದೆ ಬಂದು ನಿಂತಳು.

"ಮೇಡಂ, ಅದೇನೋ ಕೊಡ್ತೀರಂತಲ್ಲ. ಇಲ್ಲಿ ಯಾರೋ ಒಲೆ ಹಚ್ಚಿದ ಹಾಗಿದೆ."

ರಾಣಿ ಈ ಗಳಿಗೆಯನ್ನು ಎಷ್ಟು ಸಲ ಕನಸು ಕಂಡಿದ್ದಳೋ. ಡ್ರಾಯರ್ ಎಳೆದು, ಮಾತ್ರೆ ಬಿಡಿಸಿ, ಅಂಗೈಯಲ್ಲಿಟ್ಟಳು. ಕಂಡಕ್ಟರಮ್ಮ ಅದನ್ನು ಕಟಕಟನೆ ಜಗಿದು, "ಥೂ, ಸುಣ್ಣದ ಗೋಡೆ ನೆಕ್ಕಿದ ಹಾಗಿದೆ. ಇದನ್ನ ತಿಂದು ತಿಂದು ನಿಮ್ಮ ನಾಲಿಗೆ ಹೇಗಿದೆಯೋ ಪುಣ್ಯಾತ್ಗಿತ್ತಿ" ಎಂದು ನಗುತ್ತ ಹೋದಳು. ಗೆದ್ದವಳಿಗೆ ಗೆದ್ದ ಹಾಗೇ ಅನಿಸಲಿಲ್ಲ.

ಮಧ್ಯಾಹ್ನ ಮುಚ್ಚಿದರೆ ಕಂಡಕ್ಟರಮ್ಮ ಬೆಳಗನ್ನು ತೆರೆದಳು. ಹಬೆಯಾಡುವ ನೀರಿನ ಕೆಟಲ್ ತಂದಿಟ್ಟಳು. ಬೆಳಗಿನ ಫೋನುಗಳ ಭರಾಟೆ ಇಳಿದ ಕೂಡಲೇ ಮೂಲೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಒಬ್ಬೊಬ್ಬರು ಒಂದೊಂದು ತರುತ್ತಿದ್ದರು. ಸಾಹೇಬರೇ ಒಂದು ದಿನ ಬೆಣ್ಣೆ ಹಿಡಿದುಕೊಂಡು ಬಂದರು. ಸ್ಟಾಪ್‌ವಾಚ್ ಊರಾಚೆ ಹೊರಡುವ ಮೊದಲು ಅಲ್ಲಿ ಕೂತು ಹೋಗುತ್ತಿದ್ದ.

ಅಷ್ಟು ಹೊತ್ತಿಗೆ ಅಕ್ಕ ತಾನೇ ರಾಣಿಯ ಊರಿನ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತು ಮಾಡಿಬಿಟ್ಟಿದ್ದಳು. "ನಾನೇ ಬರ್ತೀನಿ. ಮಂಪರು ಬರೋ ಹಾಗೆ ಇಂಜೆಕ್ಷನ್ ಕೊಡ್ತಾರಂತೆ, ಜೊತೆಗೆ ಯಾರಾದ್ರೂ ಇರಲೇಬೇಕಂತೆ. ಇನ್ನು ತಪ್ಪಿಸಿಕೊಂಡ್ರೆ ನೀನು ನನ್ನ ತಂಗೀನೇ ಅಲ್ಲ." ರಾಣಿ ಕ್ಯಾಪ್ಸೂಲು ನಿಲ್ಲಿಸಿದಳು. ಆ ದಿನಗಳನ್ನು ಕಳೆಯುವುದು ಸುಲಭವಾಗಿರಲಿಲ್ಲ. ತಡೆ ಹಿಡಿದಿದ್ದ ಆಸಿಡ್ಡೆಲ್ಲ ಬಡ್ಡಿ ಸಮೇತ ಮೇಲೆ ನುಗ್ಗಿತು. ಮಲಗಿದರೆ ಗಂಟಲಿನವರೆಗೆ ಹುಳಿ. ದಿಂಬಿನ ಮೇಲೆ ದಿಂಬಿಟ್ಟು ಒರಗಿ ಕೂತು, ಕಣ್ಣು ಮುಚ್ಚಿದರೆ ಮೂಲೆಯ ಮೇಜು, ಅಲ್ಲಿ ಅವನು, ಅವನ ಪಕ್ಕದಲ್ಲಿ ಅವಳು. ಯಾವ ಸಂಕಟ ಯಾವುದರದ್ದೆಂದು ಬೇರೆ ಮಾಡಲು ಬರದೆ ಎರಡನ್ನೂ ಒಟ್ಟಿಗೆ ನುಂಗಿಕೊಂಡಳು.

ಪರೀಕ್ಷೆಯ ದಿನ. ಅಕ್ಕ ನೇರ ಆಸ್ಪತ್ರೆಗೆ ಬರುವವಳಿದ್ದಳು. ರಾಣಿಗೆ ಬೆಳಗಿನ ರೋಸ್ಟರನ್ನು ಬೇರೆಯವರ ಕೈಗೆ ಬಿಡಲು ಮನಸ್ಸಾಗದೆ, ಒಂದು ಗಳಿಗೆ ಕಣ್ಣಾಡಿಸಿ ಹೋಗೋಣವೆಂದು ಕಚೇರಿಗೆ ಬಂದಳು. ಮೂಲೆಯಲ್ಲಿ ಇಬ್ಬರೇ ಇದ್ದರು. ಸ್ಟಾಪ್‌ವಾಚ್ ಮೊಟ್ಟೆಯೊಂದನ್ನು ಮೇಜಿಗೆ ಮೆಲ್ಲಗೆ ತಟ್ಟಿ, ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸಿ, ನುಣ್ಣಗಿನ ಬಿಳಿ ಮೊಟ್ಟೆಯನ್ನು ಕಂಡಕ್ಟರಮ್ಮನ ಅಂಗೈಯ ನಟ್ಟನಡುವೆ ಇಟ್ಟ.

ರಾಣಿಯ ತಲೆಯೊಳಗೆ ಏನೋ ಕಡಿದುಹೋಯಿತು.

ಸರಸರನೆ ನಡೆದು ಹೋಗಿ ಅವರಿಬ್ಬರ ನಡುವೆ ಕುರ್ಚಿ ಎಳೆದು ಕೂತಳು. "ನಂಗೂ ಒಂದು ಬಿಡಿಸಿ ಕೊಡಿ" ಎಂದಳು.

ಇಬ್ಬರೂ ಬೆಪ್ಪಾದರು. ಆಮೇಲೆ ಸ್ಟಾಪ್‌ವಾಚ್ ನಕ್ಕ. "ಓಹೋ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ರಾಣಿಯವರು ನಮ್ಮ ಪಂಕ್ತಿಗೆ!"

"ಯಾಕೆ, ನಾನು ತಿನ್ನಬಾರದಾ?"

"ಅಯ್ಯೋ ತಿನ್ನಿ ಮೇಡಂ, ದೇವರಾಣೆಗೂ ತಿನ್ನಿ" ಎಂದು ಕಂಡಕ್ಟರಮ್ಮ ಬ್ರೆಡ್ಡಿಗೆ ಬೆಣ್ಣೆ ಸವರಿದಳು.

ಅವನು ಬಿಡಿಸಿ ಕೊಟ್ಟ ಮೊಟ್ಟೆ ತಿಂದಳು. ಇನ್ನೊಂದು ಕೇಳಿ ತಿಂದಳು. ಬ್ರೆಡ್ಡು ತಿಂದಳು. ಒಂದು ಸಲ ತುತ್ತು ಸಿಕ್ಕಿಕೊಂಡಿತು, ನೀರು ಕುಡಿದು ಇಳಿಸಿದಳು. ಹಟಕ್ಕೆ ಬಾಳೆಹಣ್ಣನ್ನೂ ತಿಂದಳು. ಅವನು ಇವಳತ್ತ ತಿರುಗಿ ಮಾತಾಡುತ್ತಿದ್ದ, ಇವಳು ನಗುತ್ತಿದ್ದಳು, ಬೆಳಗಿನ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಹೊಟ್ಟೆ ತುಂಬಿದ ಬೆಳಗು ಹೀಗಿರುತ್ತದೆ ಎಂಬುದೇ ಅವಳಿಗೆ ನಿಜವಾಗಿಯೂ ಮರೆತೇಹೋಗಿತ್ತು. ಗಡಿಯಾರ ನೋಡಿ, "ಅಯ್ಯೋ, ಆಸ್ಪತ್ರೆ!" ಎಂದು ಎದ್ದು ಓಡಿದಳು. ಓಡುವಾಗಲೂ ಹೊಳೆಯಲಿಲ್ಲ. ಉಪವಾಸವಿರುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಅದನ್ನು ನೆನಪಿಟ್ಟುಕೊಳ್ಳಬೇಕೆಂದು ಅವಳು ಎಂದೂ ಅಂದುಕೊಂಡಿರಲೇ ಇಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಕಾದು ಕೂತಿದ್ದಳು. ನರ್ಸು ಹೆಸರು ಕರೆದು, ನಾಡಿ ನೋಡಿ, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. "ಬೆಳಿಗ್ಗೆ ಏನಾದರೂ ತಿಂದಿದ್ದೀರಾ?"

ಅಕ್ಕನೇ ನಕ್ಕಳು. "ಇವಳಾ? ಇವಳು ಬೆಳಿಗ್ಗೆ ತಿಂದಿದ್ರೆ ನಾವಿಲ್ಲಿಗೆ ಬರೋ ಪ್ರಮೇಯವೇ ಇರ್ತಿರಲಿಲ್ಲ."

ರಾಣಿಯ ಬಾಯಲ್ಲಿ ಬಾಳೆಹಣ್ಣಿನ ವಾಸನೆ ಇನ್ನೂ ಇತ್ತು. ಇಲ್ಲ ಎಂದರೆ ಮುಗಿಯಿತು. ಅಕ್ಕ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದಾಳೆ.

"ತಿಂದಿದ್ರೆ ಏನಾಗುತ್ತೆ?" ಎಂದಳು ಸಣ್ಣ ದನಿಯಲ್ಲಿ.

"ಒಳಗಿರೋದು ಮೇಲೆ ಬಂದು ಶ್ವಾಸನಾಳಕ್ಕೆ ಹೋಗಬಹುದು. ಅಪಾಯ. ಡಾಕ್ಟ್ರಿಗೆ ಏನೂ ಕಾಣಿಸೋದೂ ಇಲ್ಲ. ಯಾಕೆ, ತಿಂದ್ರಾ?"

"ಎರಡು ಮೊಟ್ಟೆ" ಎಂದಳು ರಾಣಿ. "ಬ್ರೆಡ್ಡು. ಬಾಳೆಹಣ್ಣು."

ಅಕ್ಕ ಅವಳನ್ನೇ ನೋಡಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೇಲೆ ಬೈಗುಳ ಶುರುವಾಯಿತು. "ಇಷ್ಟು ವರ್ಷ ನಾನು, ಅಮ್ಮ, ಎಲ್ಲರೂ ಕಾಲು ಹಿಡಿದ್ರೂ ಒಂದು ಚೂರು ತಿನ್ನದವಳು, ಇವತ್ತೇ ತಿನ್ನಬೇಕಾ? ಇವತ್ತೇ? ಯಾರು ತಿನ್ನಿಸಿದ್ದು?"

ರಾಣಿಗೆ ಅಳು ಬಂತು. ಅಳುವಿನ ನಡುವೆ ಮೊಟ್ಟೆ, ಅಂಗೈ, ಸ್ಟಾಪ್‌ವಾಚ್ ಎಂದೆಲ್ಲ ಹೊರಬಂತು. ಅಕ್ಕ ಕೇಳಿಸಿಕೊಂಡು, ತಂಗಿಯ ಕಣ್ಣು ಒರೆಸಿ, "ಅವಳ ಮೇಲಿನ ಉರಿಗೆ ನಿನ್ನ ಗಂಟಲನ್ನ ಬಲಿ ಕೊಡ್ತೀಯಲ್ಲೇ ಪೆದ್ದಿ" ಎಂದಳು. "ಮುಂದಿನ ವಾರ ಮತ್ತೆ ದಿನ ಕೊಟ್ಟಿದ್ದಾರೆ. ನಂಗೆ ಬರೋಕಾಗಲ್ಲ, ಮಕ್ಕಳಿಗೆ ಪರೀಕ್ಷೆ. ಯಾರನ್ನಾದ್ರೂ ಕರ್ಕೊಂಡು ಹೋಗು. ಮಾತು ಕೊಟ್ಟಿದೀಯ, ಮರೀಬೇಡ."

ಮರುದಿನ ರಾಣಿ ಸಾಹೇಬರ ಮುಂದೆ ನಿಂತು, ಜೊತೆಗೆ ಒಬ್ಬರನ್ನು ಅರ್ಧ ದಿನ ಬಿಟ್ಟುಕೊಡಿ ಎಂದಳು. ಸ್ಟಾಪ್‌ವಾಚ್ ಆದರೆ ಒಳ್ಳೆಯದು ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಸಾಹೇಬರು ಪಟ್ಟಿ ನೋಡಿದರು. "ಅವನನ್ನ ನೀವೇ ಊರಾಚೆ ಹಾಕಿದ್ದೀರಲ್ಲಮ್ಮ, ತಿಂಗಳ ಕೊನೆವರೆಗೂ. ಕಂಡಕ್ಟರಮ್ಮ ಬರ್ತಾರೆ ಬಿಡಿ. ಎರಡು ಫೋನು ನಾನೇ ಎತ್ತೀನಿ."

ತಾನೇ ಹೆಣೆದ ಬಲೆಯೊಳಗೆ ರಾಣಿ ತಾನೇ ಬಿದ್ದಿದ್ದಳು.

ಹೀಗೆ ಮುಂದಿನ ವಾರ ಆ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ರಾಣಿಯ ಹೊಟ್ಟೆ ಖಾಲಿ. ಕಂಡಕ್ಟರಮ್ಮನದೂ ಖಾಲಿ, "ನೀವು ಉಪವಾಸ ಕೂತಿರುವಾಗ ನಾನು ನಿಮ್ಮೆದುರು ಅಗೀತಾ ಕೂತಿರಲಾ? ನಂಗಷ್ಟು ಮಾನ ಇಲ್ವಾ?" ಎಂದಿದ್ದಳು.

ಕಂಡಕ್ಟರಮ್ಮ ಕಾಲು ಚಾಚಿ ಮಂಡಿ ಉಜ್ಜಿಕೊಂಡಳು. "ಒಂದು ಹೇಳ್ಲಾ ಮೇಡಂ? ಆ ಎರಡು ಫೋನು ನೀವು ಬೇಕಂತಲೇ ನಂಗೆ ಹಾಕಿದ್ದು. ಗೊತ್ತು ನಂಗೆ."

ರಾಣಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದಳು.

"ಇಷ್ಟು ವರ್ಷ ಬೇರೆಯವರು ಬರೆದ ರೋಸ್ಟರ್ ಮೇಲೇ ಬದುಕಿದೀನಿ. ಯಾರು ಯಾರ ಮೇಲೆ ಹಲ್ಲು ಮಸೀತಿದಾರೆ ಅಂತ ಅದನ್ನ ನೋಡಿದ್ರೇ ತಿಳಿಯುತ್ತೆ. ಹೋಗ್ಲಿ ಬಿಡಿ. ಒಂದು ಕೇಳಬೇಕಿತ್ತು. ನೀವಾದ್ರೆ ಅವರನ್ನ ಎಷ್ಟೋ ವರ್ಷದಿಂದ ನೋಡಿದೀರ." ಅವಳ ಗಟ್ಟಿ ಗಂಟಲು ಇದ್ದಕ್ಕಿದ್ದಂತೆ ಇಳಿಯಿತು. "ಸ್ಟಾಪ್‌ವಾಚು. 'ಭಾನುವಾರ ಮನೆಗೆ ಬರ್ತೀರಾ, ನಮ್ಮಮ್ಮನ್ನ ನೋಡಕ್ಕೆ?' ಅಂದ್ರು. ನಂಗೆ ಈ ವಯಸ್ಸಲ್ಲಿ ಭಯ ಆಗುತ್ತೆ. ಹೇಗೆ ಮನುಷ್ಯ?"

ರಾಣಿಯ ಎದೆಯ ನಡುವೆ, ತುತ್ತು ಸಿಕ್ಕಿಕೊಳ್ಳುವ ಜಾಗದಲ್ಲಿ, ತಿನ್ನದೆಯೇ ಏನೋ ಸಿಕ್ಕಿಕೊಂಡಿತು. ಒಂದೇ ಒಂದು ಮಾತು ಸಾಕಿತ್ತು. ಜುಗ್ಗ ಎನ್ನಬಹುದಿತ್ತು. ಅಮ್ಮ ಜೋರು ಎನ್ನಬಹುದಿತ್ತು. ಮಾತುಗಳು ಸಾಲಾಗಿ ನಾಲಿಗೆಯ ಮೇಲೆ ಬಂದು ನಿಂತವು. ಪಕ್ಕದಲ್ಲಿ ತನಗಾಗಿ ಖಾಲಿ ಹೊಟ್ಟೆಯಲ್ಲಿ ಕೂತವಳು ಮಂಡಿ ಉಜ್ಜಿಕೊಳ್ಳುತ್ತ ಕಾಯುತ್ತಿದ್ದಳು.

"ಹೇಳಿದ ಟೈಮಿಗೆ ಬರ್ತಾರೆ" ಎಂದಳು ರಾಣಿ ಕೊನೆಗೆ, ಹಲ್ಲು ಕಚ್ಚಿಕೊಂಡು. ಅದಕ್ಕಿಂತ ಹೆಚ್ಚು ಒಂದಕ್ಷರ ಕೊಡಲು ಅವಳಿಂದಾಗಲಿಲ್ಲ.

"ಅಷ್ಟು ಸಾಕಪ್ಪ" ಎಂದು ಕಂಡಕ್ಟರಮ್ಮ ದೊಡ್ಡದಾಗಿ ಉಸಿರುಬಿಟ್ಟಳು. ಆ ಮುಖದ ಸಂತೋಷವನ್ನು ನೋಡಲಾರದೆ ರಾಣಿ, ನರ್ಸು ಹೆಸರು ಕರೆದ ಕೂಡಲೇ, ಒಳಗೆ ಹೋಗುವುದೇ ವಾಸಿ ಎಂದು ಎದ್ದಳು.

"ಬೆಳಿಗ್ಗೆ ಏನಾದರೂ?" ಎಂದಳು ನರ್ಸು, ಗುರುತು ಹಿಡಿದು.

"ನೀರೂ ಇಲ್ಲ."

ಗಂಟಲಿಗೆ ಕಹಿ ಔಷಧ ಸಿಂಪಡಿಸಿದರು. ನಾಲಿಗೆಯ ಬುಡ ತನ್ನದಲ್ಲವೆಂಬಂತೆ ಮರಗಟ್ಟಿತು. ಎಡಮಗ್ಗುಲಿಗೆ ಮಲಗಿಸಿದರು. ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯೊಂದನ್ನಿಟ್ಟರು. ಕೈಗೆ ಸೂಜಿ ಚುಚ್ಚಿದರು. ಕಪ್ಪು ನಳಿಕೆ ಹತ್ತಿರ ಬಂದಾಗ ಅವಳಿಗೆ ಮೊಟ್ಟೆ ಹಿಡಿದ ಅಂಗೈಯೊಂದು ಕಣ್ಣ ಮುಂದೆ ಬಂತು. ಅದು ಇನ್ನು ತನ್ನ ಕಡೆ ಚಾಚುವುದಿಲ್ಲ. "ನುಂಗಿ, ಒಂದು ಸಲ ನುಂಗಿ" ಎಂದರು ಡಾಕ್ಟರು. ಜೀವನವೆಲ್ಲ ಜಗಿಯದೆ ನುಂಗಿದವಳಿಗೆ ಅದೇನು ಕಷ್ಟ? ನುಂಗಿದಳು. ಕಣ್ಣಂಚಿನಿಂದ ನೀರಿಳಿಯಿತು. ಅದಕ್ಕೆ ಯಾರೂ ಕಾರಣ ಕೇಳಲಿಲ್ಲ. ಅಲ್ಲಿ ಎಲ್ಲರಿಗೂ ಇಳಿಯುತ್ತದೆ.

ಎಚ್ಚರವಾದಾಗ ಮಂಚದ ಪಕ್ಕ ಕಂಡಕ್ಟರಮ್ಮ ರಾಣಿಯ ಚಪ್ಪಲಿ, ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಡಾಕ್ಟರು ಬಂದು ಹೇಳಿದರು: ಅನ್ನನಾಳದ ಕೆಳಭಾಗ ಸುಟ್ಟು ಕೆಂಪಾಗಿದೆ, ಊತಕ್ಕೆ ದಾರಿ ಸ್ವಲ್ಪ ಇಕ್ಕಟ್ಟಾಗಿದೆ. ನೋಡುವುದಕ್ಕೆ ಕೆಟ್ಟದ್ದೇನೂ ಕಾಣಲಿಲ್ಲ. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು. ಕ್ಯಾಪ್ಸೂಲು ಇವತ್ತಿಂದ ಮತ್ತೆ ಶುರು ಮಾಡಿ, ಊಟಕ್ಕೆ ಮುಂಚೆ. ಗಂಟಲಿನ ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ.

"ಕೇಳಿದ್ರಾ, ಊಟಕ್ಕೆ ಮುಂಚೆ" ಎಂದಳು ಕಂಡಕ್ಟರಮ್ಮ. "ಕಚೇರೀಲಿ ಎಲ್ಲರಿಗೂ ಆಮೇಲೆ ಅಂತ ಕೊಡ್ತಿದ್ರಂತಲ್ಲ?"

ರಾಣಿ ಅವಳನ್ನು ದುರುಗುಟ್ಟಿ ನೋಡಿದಳು. ಈ ಹೆಂಗಸನ್ನು ಈ ಜನ್ಮದಲ್ಲಿ ಪೂರ್ತಿಯಾಗಿ ಮೆಚ್ಚಲು ತನ್ನಿಂದ ಸಾಧ್ಯವಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಆಮೇಲೆ ಕೈ ಚಾಚಿದಳು. ಕಂಡಕ್ಟರಮ್ಮ ಚೀಲದಿಂದ ಫೋನು ತೆಗೆದು ಕೊಟ್ಟಳು.

ಆ ಕಡೆ ಮೊದಲ ರಿಂಗಿಗೇ ಎತ್ತಿದರು.

"ಅಕ್ಕಾ" ಎಂದಳು ರಾಣಿ, ಮರಗಟ್ಟಿದ ನಾಲಿಗೆಯಲ್ಲಿ. "ಮಾಡಿಸ್ದೆ ಕಣೇ."